ಜೆಟ್ ಏರ್‌ವೇಸ್ ಬಾಕಿ: ಎಷ್ಟು, ಯಾವಾಗ, ಯಾವ ಷರತ್ತಿಗೆ?

2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್‌ನ ಕೊನೆಯ ವಿಮಾನ ಅಮೃತಸರದಿಂದ ಮುಂಬೈಗೆ ಹಾರಿತು. ಎರಡು ತಿಂಗಳ ನಂತರ, ಜೂನ್ 20ರಂದು, ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ವಿಚಾರಣೆಗೆ ಅಂಗೀಕರಿಸಿತು. ಸಾಲ ಕೊಟ್ಟವರ ಕೂಟದಲ್ಲಿ ನಮ್ಮ ಕೆನರಾ ಬ್ಯಾಂಕೂ ಇತ್ತು, ಆಗಿನ್ನೂ ಅದರಲ್ಲಿ ವಿಲೀನವಾಗದ ಮಣಿಪಾಲದ ಸಿಂಡಿಕೇಟ್ ಬ್ಯಾಂಕೂ ಇತ್ತು. ಬ್ಯಾಂಕು, ಹಣಕಾಸು ಸಂಸ್ಥೆಗಳ ಒಪ್ಪಿತ ಬಾಕಿಯೇ ಸುಮಾರು 7,800 ಕೋಟಿ ರೂಪಾಯಿ. ಅದರ ಮೇಲೆ ಇಂಧನ ಪೂರೈಸಿದವರು, ವಿಮಾನ ಬಾಡಿಗೆಗೆ ಕೊಟ್ಟವರು, ಸಂಬಳ ನಿಂತ ನೌಕರರು, ಟಿಕೆಟ್ ಹಣ ವಾಪಸ್ ಬರಬೇಕಿದ್ದ ಪ್ರಯಾಣಿಕರು.

ಕಂಪನಿಯನ್ನು ಮತ್ತೆ ಹಾರಿಸುತ್ತೇವೆ ಎಂದು ಮುಂದೆ ಬಂದದ್ದು ಲಂಡನ್ನಿನ ಕಾಲ್‌ರಾಕ್ ಕ್ಯಾಪಿಟಲ್ ಮತ್ತು ಯುಎಇಯಲ್ಲಿ ನೆಲೆಸಿದ ಉದ್ಯಮಿ ಮುರಾರಿ ಲಾಲ್ ಜಲನ್ ಅವರ ಒಕ್ಕೂಟ. 2020ರ ಅಕ್ಟೋಬರ್‌ನಲ್ಲಿ ಅವರ ಪರಿಹಾರ ಯೋಜನೆಗೆ ಸಾಲದಾತರ ಸಮಿತಿಯಲ್ಲಿ ಶೇ 99ಕ್ಕೂ ಹೆಚ್ಚು ಮತ ಬಿತ್ತು. ಕಾನೂನಿಗೆ ಬೇಕಿದ್ದದ್ದು ಶೇ 66. 2021ರ ಜೂನ್ 22ರಂದು ಎನ್‌ಸಿಎಲ್‌ಟಿ ಅದಕ್ಕೆ ಮುದ್ರೆ ಒತ್ತಿತು.

ಇಂಥ ಯೋಜನೆ ನೂರಾರು ಪುಟಗಳ ದಸ್ತಾವೇಜು. ಅದನ್ನು ಪೂರ್ತಿ ಓದುವವರು ವಕೀಲರು ಮಾತ್ರ. ಮತ ಹಾಕಬೇಕಾದ ಬ್ಯಾಂಕಿನ ಹಿರಿಯ ಅಧಿಕಾರಿಗೂ, ಹಣಕ್ಕಾಗಿ ಕಾಯುವ ಪೂರೈಕೆದಾರನಿಗೂ ಸಿಗುವುದು ಅದರ ಸಾರಾಂಶ. ಅದರಲ್ಲಿ ಮೂರು ಪ್ರಶ್ನೆಗೆ ಉತ್ತರ ಇರಬೇಕು: ಎಷ್ಟು ಬಿಟ್ಟುಕೊಡಬೇಕು, ಉಳಿದದ್ದು ಯಾವಾಗ ಬರುತ್ತದೆ, ಏನಾದರೆ ಬರುತ್ತದೆ. ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು. ಜೆಟ್ ಪ್ರಕರಣದಲ್ಲಿ ಮಾತ್ರ ಸಾಲ ಕೊಟ್ಟವರ ಹಣೆಬರಹ ತೀರ್ಮಾನವಾದದ್ದು ಮೂರನೆಯದರಲ್ಲಿ.

ಮೊದಲು ‘ಹೇರ್‌ಕಟ್’. ಸಾಲ ಕೊಟ್ಟವರು ಬಿಟ್ಟುಕೊಡುವ ಪಾಲಿಗೆ ಬ್ಯಾಂಕಿನವರು ಇಟ್ಟುಕೊಂಡ ಹೆಸರು ಇದು. ಲೆಕ್ಕ ಸರಳ: ಒಪ್ಪಿತ ಬಾಕಿಯಲ್ಲಿ ಸಿಗುವ ಹಣ ಕಳೆದರೆ ಉಳಿಯುವುದು ನಷ್ಟ. ಜೆಟ್ ಯೋಜನೆಯಲ್ಲಿ ಹಣಕಾಸು ಸಂಸ್ಥೆಗಳಿಗೆ ಸಿಗಬೇಕಿದ್ದ ನಗದು ಸುಮಾರು 385 ಕೋಟಿ. 7,800 ಕೋಟಿಗೆ ಹೋಲಿಸಿದರೆ ರೂಪಾಯಿಗೆ ಐದು ಪೈಸೆ, ಅಂದರೆ ಶೇ 95ರ ಹೇರ್‌ಕಟ್. ಅದರ ಜೊತೆಗೆ ಮರುಹುಟ್ಟು ಪಡೆಯುವ ಕಂಪನಿಯಲ್ಲಿ ಶೇ 9.5ರಷ್ಟು ಷೇರು. ಆ ಷೇರಿಗೆ ಸಾರಾಂಶದಲ್ಲಿ ಎಷ್ಟು ಬೆಲೆ ಬರೆಯಬೇಕು? ವಿಮಾನ ಹಾರುವವರೆಗೆ ಸೊನ್ನೆ ಎಂದು ಬರೆಯುವುದೇ ಪ್ರಾಮಾಣಿಕ ಲೆಕ್ಕ.

ಇಲ್ಲಿ ಅಂಕಿಗಳು ದಾರಿ ತಪ್ಪಿಸುತ್ತವೆ. ಯೋಜನೆ ಸುದ್ದಿಯಾದಾಗ ಎಲ್ಲರ ಬಾಯಲ್ಲಿದ್ದದ್ದು 1,375 ಕೋಟಿ. ಒಕ್ಕೂಟ ಹಾಕುತ್ತೇನೆ ಎಂದಿದ್ದ ಒಟ್ಟು ಹಣ ಅದು. ಅದರಲ್ಲಿ 900 ಕೋಟಿ ಕಂಪನಿಯನ್ನು ಮತ್ತೆ ನಡೆಸಲು. ಹಳೆಯ ಬಾಕಿ ತೀರಿಸಲು ಇಟ್ಟದ್ದು 475 ಕೋಟಿ. ಅದರೊಳಗೇ ದಿವಾಳಿ ಪ್ರಕ್ರಿಯೆಯ ಖರ್ಚು, ನೌಕರರ ಪಾಲು, ಪೂರೈಕೆದಾರರ ಪಾಲು ಎಲ್ಲವೂ ಬರಬೇಕು. ಹಾಗಾಗಿ ಸಾಲದಾತನಿಗೆ ಬರೆಯುವ ಸಾರಾಂಶದಲ್ಲಿ ಒಟ್ಟು ಮೊತ್ತ ಕೆಳಗಿನ ಸಾಲಿನಲ್ಲಿ ಇರಲಿ. ಮೇಲೆ ಇರಬೇಕಾದದ್ದು ಅವನ ವರ್ಗಕ್ಕೆ ಎಷ್ಟು, ಅವನ ಕೈಗೆ ಎಷ್ಟು ಎಂಬುದು.

ವರ್ಗ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಕಂಪನಿಗೆ ಸರಕು, ಸೇವೆ ಕೊಟ್ಟು ಬಿಲ್ ಬಾಕಿ ಉಳಿಸಿಕೊಂಡವರನ್ನು ಕಾನೂನು ‘ಆಪರೇಷನಲ್ ಕ್ರೆಡಿಟರ್’ ಎನ್ನುತ್ತದೆ. ಜೆಟ್ ಯೋಜನೆಯಲ್ಲಿ ಇವರಿಗೆ ನಿಗದಿಯಾದದ್ದು ತಲಾ 15,000 ರೂಪಾಯಿ. 8 ಲಕ್ಷದ ಬಿಲ್ ಇದ್ದ ಒಬ್ಬ ಸಣ್ಣ ಪೂರೈಕೆದಾರ ಇದ್ದನೆಂದು ಇಟ್ಟುಕೊಂಡರೆ, ಅವನಿಗೆ ಸಿಗುವುದು ಶೇ 2ಕ್ಕೂ ಕಡಿಮೆ. ಬಿಲ್ 80 ಲಕ್ಷವಾಗಿದ್ದರೂ ಅದೇ 15,000. ಮತ ಹಾಕುವ ಹಕ್ಕೂ ಅವನಿಗಿಲ್ಲ. ದಿವಾಳಿ ಸಂಹಿತೆ ಅವನಿಗೆ ಕೊಡುವ ರಕ್ಷಣೆಗಳಲ್ಲಿ ಒಂದು: ಕಂಪನಿಯನ್ನು ಮುಚ್ಚಿ ಮಾರಿದ್ದರೆ ಅವನ ಸರದಿಗೆ ಎಷ್ಟು ಬರುತ್ತಿತ್ತೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಬಹುತೇಕ ಪ್ರಕರಣಗಳಲ್ಲಿ ಆ ಮೊತ್ತ ಸೊನ್ನೆಯೇ ಆಗಿರುತ್ತದೆ, ಆದ್ದರಿಂದ 15,000 ಕೊಟ್ಟರೂ ಕಾನೂನು ಪಾಲಿಸಿದಂತೆಯೇ.

ಶೇ 95 ಬಿಟ್ಟುಕೊಡುವ ಯೋಜನೆಗೆ ಶೇ 99 ಮತ ಬಿದ್ದದ್ದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ವಿಮಾನಯಾನ ಕಂಪನಿಯ ಬಹುಪಾಲು ವಿಮಾನಗಳು ಬಾಡಿಗೆಯವು. ಹಣ ನಿಂತ ಕೂಡಲೇ ಮಾಲೀಕರು ಅವನ್ನು ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಜೆಟ್ ಕೈಯಲ್ಲಿ ಉಳಿದದ್ದು ಬೆರಳೆಣಿಕೆಯ ಸ್ವಂತ ವಿಮಾನಗಳು, ಒಂದಿಷ್ಟು ಆಸ್ತಿ, ಮತ್ತು ಹೆಸರು. ಬ್ಯಾಂಕುಗಳು ಹೋಲಿಸಿ ನೋಡಿದ್ದು 385 ಕೋಟಿಯನ್ನು 7,800 ಕೋಟಿಯ ಜೊತೆಗಲ್ಲ, ಕಂಪನಿಯನ್ನು ಬಿಡಿಬಿಡಿಯಾಗಿ ಮಾರಿದರೆ ಬರುವ ಹಣದ ಜೊತೆಗೆ. ಹೇರ್‌ಕಟ್ ಎಷ್ಟೆಂದು ಬರೆದ ಸಾರಾಂಶದಲ್ಲಿ ಅದರ ಪಕ್ಕದಲ್ಲೇ ಲಿಕ್ವಿಡೇಷನ್ ಮೌಲ್ಯ ಇಲ್ಲದಿದ್ದರೆ ಆ ಶೇಕಡಾವಾರು ಓದುಗನಿಗೆ ಸಿಟ್ಟು ತರಿಸೀತು, ತೀರ್ಮಾನಕ್ಕೆ ಸಹಾಯ ಮಾಡದು. ಯೋಜನೆಗೆ ವಿರುದ್ಧ ಮತ ಹಾಕಿದ ಬ್ಯಾಂಕಿಗಂತೂ ಅದು ಇನ್ನೂ ಮುಖ್ಯ. ಕಾನೂನಿನ ಪ್ರಕಾರ ಅಂಥ ಬ್ಯಾಂಕಿಗೆ ಖಾತ್ರಿಯಾಗಿ ಸಿಗಬೇಕಾದದ್ದು ಆ ಮೌಲ್ಯದಲ್ಲಿ ಅದರ ಪಾಲು.

ಇನ್ನೊಂದು ಕೊಕ್ಕೆ ಇದೆ. ಒಪ್ಪಿತ ಬಾಕಿಯ ಲೆಕ್ಕ ನಿಲ್ಲುವುದು ಪ್ರಕ್ರಿಯೆ ಶುರುವಾದ ದಿನಕ್ಕೆ, ಜೆಟ್ ವಿಷಯದಲ್ಲಿ 2019ರ ಜೂನ್ 20ಕ್ಕೆ. ಆಮೇಲಿನ ಬಡ್ಡಿ ಲೆಕ್ಕಕ್ಕೇ ಬರುವುದಿಲ್ಲ. ಹಣ ಕೈಗೆ ಬರುವುದು ಮಾತ್ರ ವರ್ಷಗಳ ನಂತರ.

ಹಾಗಾಗಿ ಎರಡನೆಯ ಪ್ರಶ್ನೆ: ಯಾವಾಗ? ಇದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಬ್ಬ ಸಾಲದಾತನ ಒಪ್ಪಿತ ಬಾಕಿ 10 ಕೋಟಿ. ಯೋಜನೆ ಹೇಳುತ್ತದೆ: 1 ಕೋಟಿ ಕೂಡಲೇ, ಉಳಿದ 3 ಕೋಟಿ ವರ್ಷಕ್ಕೆ 60 ಲಕ್ಷದಂತೆ ಐದು ವರ್ಷ, ಬಡ್ಡಿ ಇಲ್ಲ. ಒಟ್ಟು 4 ಕೋಟಿ, ಶೇ 40ರ ವಸೂಲಿ ಎಂದು ಸಾರಾಂಶ ಬರೆದುಬಿಡಬಹುದು. ಆದರೆ ಹಣಕ್ಕೆ ವರ್ಷಕ್ಕೆ ಶೇ 10ರ ಬೆಲೆ ಕಟ್ಟಿದರೆ, ಆ ಐದು ಕಂತುಗಳ ಇವತ್ತಿನ ಮೌಲ್ಯ ಸುಮಾರು 2 ಕೋಟಿ 27 ಲಕ್ಷ. ಮುಂಗಡದ 1 ಕೋಟಿ ಸೇರಿಸಿದರೆ 3 ಕೋಟಿ 27 ಲಕ್ಷ. ಅಂದರೆ ನಿಜವಾದ ವಸೂಲಿ ಶೇ 33ರ ಆಸುಪಾಸು, ಹೇರ್‌ಕಟ್ 60 ಅಲ್ಲ, 67. ಒಂದು ಪೈಸೆ ಕಡಿಮೆ ಕೊಡದೆ ಬರೀ ಕ್ಯಾಲೆಂಡರ್‌ನಿಂದಲೇ ಏಳು ಪಾಲು ಹೋಯಿತು.

ದೊಡ್ಡ ಪ್ರಕರಣಗಳಲ್ಲಿ ಇದೇ ಲೆಕ್ಕ ಬಾಂಡಿನ ರೂಪದಲ್ಲಿ ಬರುತ್ತದೆ. ಗೃಹಸಾಲ ಸಂಸ್ಥೆ ಡಿಎಚ್‌ಎಫ್‌ಎಲ್ ಅನ್ನು 2021ರಲ್ಲಿ ಪಿರಾಮಲ್ ಸಮೂಹ ಕೊಂಡಾಗ ಅದು ಕೊಟ್ಟ 34,250 ಕೋಟಿಯಲ್ಲಿ ನಗದು ಸುಮಾರು 14,700 ಕೋಟಿ ಮಾತ್ರ. ಉಳಿದ 19,550 ಕೋಟಿ ಹತ್ತು ವರ್ಷದ ಬಾಂಡು, ಬಡ್ಡಿ ಶೇ 6.75. ಮುಖಬೆಲೆಯಲ್ಲಿ ಹಿಡಿದರೆ ಒಂದು ವಸೂಲಿ, ಆ ದಿನ ಮಾರುಕಟ್ಟೆಯಲ್ಲಿ ಮಾರಿದರೆ ಬೇರೊಂದು ವಸೂಲಿ. ‘ಎಷ್ಟು’ ಎಂಬ ಅಂಕಿಯ ಪಕ್ಕ ‘ಯಾವ ರೂಪದಲ್ಲಿ’ ಎಂದು ಬರೆಯದ ಸಾರಾಂಶ ಅರ್ಧ ಸಾರಾಂಶ.

ಜೆಟ್ ಯೋಜನೆಯ ವೇಳಾಪಟ್ಟಿಯಲ್ಲಿ ಮೊದಲ ಕಂತು 350 ಕೋಟಿ. ಯಾವಾಗ? ‘ಜಾರಿ ದಿನದಿಂದ 180 ದಿನದೊಳಗೆ’. ಈ ‘ಜಾರಿ ದಿನ’ ಎಂಬುದರ ಮೇಲೆಯೇ ಮುಂದಿನ ಮೂರು ವರ್ಷದ ಜಗಳ ನಿಂತಿತು. ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟ ದಿನ ಅದಲ್ಲ. ಒಕ್ಕೂಟ ಐದು ಪೂರ್ವಷರತ್ತುಗಳನ್ನು ಪೂರೈಸಿದ ದಿನ ಅದು. ಷರತ್ತು ಪೂರೈಸಲು 90 ದಿನ, ಬೇಕಾದರೆ ವಿಸ್ತರಣೆ, ಹೆಚ್ಚೆಂದರೆ ಒಟ್ಟು 270 ದಿನ. ಕಾಗದದ ಮೇಲೆ ಕೂಡಿಸಿ ನೋಡಿದರೆ 2021ರ ಜೂನ್ 22ಕ್ಕೆ 270, ಮತ್ತೆ 180 ದಿನ: ಅಂದರೆ ತೀರಾ ತಡವಾದರೂ 2022ರ ಸೆಪ್ಟೆಂಬರ್ ಮಧ್ಯಕ್ಕೆ 350 ಕೋಟಿ ಬಂದಿರಬೇಕು. ಸಾರಾಂಶ ಬರೆಯುವವರು ಮಾಡಬೇಕಾದ ಕೆಲಸ ಇದು. ‘180 ದಿನ’ ಎಂಬುದನ್ನು ಹಾಗೇ ನಕಲು ಮಾಡದೆ, ಯಾವ ದಿನದಿಂದ ಎಣಿಸಬೇಕು, ಆ ದಿನ ಯಾರ ಕೈಯಲ್ಲಿದೆ, ತಡವಾದರೆ ಕೊನೆಯ ತಾರೀಖು ಯಾವುದು ಎಂದು ಕ್ಯಾಲೆಂಡರಿಗೆ ಇಳಿಸಬೇಕು.

ಆ ಐದು ಷರತ್ತುಗಳನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯುತ್ತದೆ. ವಿಮಾನ ಹಾರಿಸುವ ಪರವಾನಗಿಯಾದ ಏರ್ ಆಪರೇಟರ್ ಸರ್ಟಿಫಿಕೇಟ್ ಅನ್ನು ನಾಗರಿಕ ವಿಮಾನಯಾನ ನಿರ್ದೇಶನಾಲಯದಿಂದ ಮತ್ತೆ ಊರ್ಜಿತ ಮಾಡಿಸಿಕೊಳ್ಳಬೇಕು. ವ್ಯವಹಾರ ಯೋಜನೆಯನ್ನು ನಿರ್ದೇಶನಾಲಯಕ್ಕೂ ಸಚಿವಾಲಯಕ್ಕೂ ಸಲ್ಲಿಸಬೇಕು. ವಿಮಾನ ನಿಲ್ದಾಣಗಳಲ್ಲಿ ಏರಿಳಿಯುವ ಸಮಯ, ಅಂದರೆ ಸ್ಲಾಟುಗಳು, ಮಂಜೂರಾಗಬೇಕು. ವಿದೇಶ ಮಾರ್ಗಗಳ ಹಕ್ಕಿಗೆ ಅನುಮತಿ ಸಿಗಬೇಕು. ನೆಲದ ಮೇಲಿನ ಸೇವೆಗಳ ವಿಭಾಗವನ್ನು ಕಂಪನಿಯಿಂದ ಬೇರ್ಪಡಿಸಬೇಕು.

ಇದರಲ್ಲಿ ಸಲ್ಲಿಸುವ ಕೆಲಸವೊಂದು ಒಕ್ಕೂಟದ ಕೈಯಲ್ಲಿದೆ. ಪರವಾನಗಿ, ಸ್ಲಾಟು, ಮಾರ್ಗದ ಹಕ್ಕು ಮೂರೂ ಸರ್ಕಾರದ ಕೈಯಲ್ಲಿ. ಹಾರಾಟ ನಿಂತ ಮೇಲೆ ಮುಂಬೈ, ದೆಹಲಿಯಂಥ ತುಂಬಿದ ನಿಲ್ದಾಣಗಳಲ್ಲಿ ಜೆಟ್‌ನ ಸ್ಲಾಟುಗಳು ಬೇರೆ ಕಂಪನಿಗಳಿಗೆ ಹೋಗಿದ್ದವು. ಹಳೆಯ ಸ್ಲಾಟುಗಳ ಮೇಲೆ ಹಿಂದಿನ ಹಕ್ಕು ಸಾಧಿಸುವಂತಿಲ್ಲ ಎಂಬ ಸರ್ಕಾರದ ನಿಲುವನ್ನು ಎನ್‌ಸಿಎಲ್‌ಟಿಯೂ ಒಪ್ಪಿತ್ತು. ಹೊಸದಾಗಿ ಕೇಳಿ, ನಿಯಮದಂತೆ ಸಿಕ್ಕಷ್ಟು ಪಡೆಯಬೇಕು. ಬ್ಯಾಂಕಿನ ಹಣ ಬರುವುದು ಮೂರನೆಯವರ ಸಹಿಯನ್ನು ನಂಬಿಕೊಂಡಿದ್ದರೆ ಅದನ್ನು ಸಾರಾಂಶ ಮೊದಲ ಪುಟದಲ್ಲೇ ಹೇಳಬೇಕು.

ಇನ್ನೊಂದು ತೊಡಕು, ‘ಪೂರೈಸಿದ್ದೇವೆ’ ಎಂದು ಹೇಳುವವರು ಯಾರು, ಒಪ್ಪುವವರು ಯಾರು ಎಂಬುದು. 2022ರ ಮೇ 20ರಂದು ಹಾರಾಟದ ಪರವಾನಗಿ ಸಿಕ್ಕಿತು. ಐದೂ ಷರತ್ತು ಮುಗಿದವು ಎಂದು ಒಕ್ಕೂಟ ಘೋಷಿಸಿತು. ಬ್ಯಾಂಕುಗಳು ಒಪ್ಪಲಿಲ್ಲ. ವ್ಯವಹಾರ ಯೋಜನೆ ಸಲ್ಲಿಸಿದರೆ ಸಾಕೇ, ಅದಕ್ಕೆ ಒಪ್ಪಿಗೆ ಸಿಗಬೇಕೇ? ಸ್ಲಾಟು ಕೇಳಿದರೆ ಸಾಕೇ, ಕೈಗೆ ಬರಬೇಕೇ? ವಾದ ಎನ್‌ಸಿಎಲ್‌ಟಿಗೆ ಹೋಯಿತು. 2023ರ ಜನವರಿ 13ರಂದು ಅದು ಒಕ್ಕೂಟದ ಪರ ನಿಂತು, ಜಾರಿ ದಿನವನ್ನು 2022ರ ನವೆಂಬರ್ 16 ಎಂದು ಇಟ್ಟಿತು. 180 ದಿನದ ಗಡಿಯಾರ ಅಲ್ಲಿಂದ ಓಡತೊಡಗಿತು, ಮೇಲ್ಮನವಿ ಮಂಡಳಿ ಅದನ್ನು ಮತ್ತೆ ಆಗಸ್ಟ್ ಕೊನೆಯವರೆಗೆ ಎಳೆಯಿತು.

ಅಷ್ಟರಲ್ಲಿ ಖರ್ಚು ನಿಂತಿರಲಿಲ್ಲ. ನಿಂತ ವಿಮಾನಕ್ಕೂ ಪಾರ್ಕಿಂಗ್ ಬಾಡಿಗೆ ಇದೆ, ಕಾವಲು ಇದೆ, ನಿರ್ವಹಣೆ ಇದೆ. ಈ ಹೊರೆ ಸಾಲದಾತರ ತಲೆಯ ಮೇಲೇ ಕೂತಿತ್ತು. ಒಪ್ಪಿಗೆ ಸಿಕ್ಕ ದಿನದಿಂದ ಕಂಪನಿ ಕೈಬದಲಾಗುವ ದಿನದವರೆಗಿನ ಖರ್ಚು ಯಾರದು ಎಂಬುದು ಹೇರ್‌ಕಟ್ ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ತಡವಾದಷ್ಟೂ ಅದು 385 ಕೋಟಿಯನ್ನು ಒಳಗಿಂದ ತಿನ್ನುತ್ತದೆ.

ನೌಕರರ ಬಾಕಿ ಇನ್ನೊಂದು ಕಡೆಯಿಂದ ಬಂದು ಬಿತ್ತು. ಭವಿಷ್ಯನಿಧಿ, ಗ್ರಾಚ್ಯುಟಿಗಳನ್ನು ಪೂರ್ತಿ ಕೊಡಬೇಕು ಎಂದು ಮೇಲ್ಮನವಿ ಮಂಡಳಿ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಇದು ಯೋಜನೆಯ ಲೆಕ್ಕದಲ್ಲಿಲ್ಲ ಎಂದು ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಯಿತು, 2023ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಯಾವ ವರ್ಗಕ್ಕೆ ಕಾನೂನು ಪೂರ್ತಿ ಪಾವತಿಯ ರಕ್ಷಣೆ ಕೊಟ್ಟಿದೆಯೋ ಅದಕ್ಕೆ ಯೋಜನೆಯಲ್ಲಿ ಕಡಿಮೆ ಬರೆದಿದ್ದರೆ, ಅದು ಮುಂದೆ ಮೊಕದ್ದಮೆಯಾಗುತ್ತದೆ ಎಂದು ಓದುವಾಗಲೇ ಗೊತ್ತಾಗಬೇಕು. ಬ್ಯಾಂಕಿನ ಸಾರಾಂಶದಲ್ಲಿ ನೌಕರರ ಕಲಮು ಇರಬೇಕಾದದ್ದು ಕರುಣೆಯಿಂದಲ್ಲ, ಆ ಹಣವೂ ಅದೇ ಜೇಬಿನಿಂದ ಹೋಗಬೇಕಾಗಿರುವುದರಿಂದ.

ಇನ್ನು ಭದ್ರತೆ. ಯೋಜನೆ ಗೆದ್ದವರು ಕೊಟ್ಟ ಮಾತಿಗೆ ತಪ್ಪಿದರೆ ಕೈಗೆ ಏನಾದರೂ ಸಿಗಲಿ ಎಂದು ಕಾನೂನು ಅವರಿಂದ ಬ್ಯಾಂಕ್ ಗ್ಯಾರಂಟಿ ತೆಗೆದಿಡುತ್ತದೆ. ಜೆಟ್‌ನಲ್ಲಿ ಇದು 150 ಕೋಟಿ. 350 ಕೋಟಿಯ ಮೊದಲ ಕಂತಿಗೆ ಸಮಯ ಬಂದಾಗ ಒಕ್ಕೂಟ ಒಂದು ದಾರಿ ಹುಡುಕಿತು: 200 ಕೋಟಿ ನಗದಾಗಿ ಕಟ್ಟುತ್ತೇವೆ, ಉಳಿದ 150 ಕೋಟಿಗೆ ಆ ಗ್ಯಾರಂಟಿಯನ್ನೇ ವಜಾ ಹಾಕಿಕೊಳ್ಳಿ. 2023ರ ಆಗಸ್ಟ್‌ನಲ್ಲಿ ಮೇಲ್ಮನವಿ ಮಂಡಳಿ ಒಪ್ಪಿತು. ಆಗಸ್ಟ್‌ನಲ್ಲಿ 100, ಸೆಪ್ಟೆಂಬರ್‌ನಲ್ಲಿ 100 ಕೋಟಿ ಬಂತು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, 200ಕ್ಕೆ 150 ಸೇರಿದರೆ 350 ಸರಿಯಾಗುತ್ತದಲ್ಲ. ಆದರೆ ಮೊದಲ ಕಂತಿನ ನಂತರ ಇನ್ನೂ ಕಂತುಗಳಿದ್ದವು. ಗ್ಯಾರಂಟಿ ಮೊದಲನೆಯದಕ್ಕೇ ಕರಗಿಹೋದರೆ ಮುಂದಿನವಕ್ಕೆ ಹಿಡಿತ ಯಾವುದು? ಬಾಡಿಗೆ ಮನೆಯ ಅಡ್ವಾನ್ಸನ್ನೇ ಮೊದಲ ತಿಂಗಳ ಬಾಡಿಗೆಗೆ ಹಿಡಿದುಕೊಳ್ಳಿ ಎನ್ನುವ ಬಾಡಿಗೆದಾರನ ಮುಂದೆ ಮಾಲೀಕನಿಗೆ ಬರುವ ಅನುಮಾನವೇ ಬ್ಯಾಂಕುಗಳಿಗೂ ಬಂತು. ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ, ಆ 150 ಕೋಟಿಯನ್ನು ತಿಂಗಳ ಕೊನೆಯೊಳಗೆ ನಗದಾಗಿಯೇ ಕಟ್ಟಿ ಎಂದಿತು. ಹಣ ಬರಲಿಲ್ಲ. ಮಾರ್ಚ್ 12ರಂದು ಮೇಲ್ಮನವಿ ಮಂಡಳಿ ಮತ್ತೆ ಒಕ್ಕೂಟದ ಕಡೆಗೇ ವಾಲಿ, ಗ್ಯಾರಂಟಿ ವಜಾ ಸರಿ, ಕಂಪನಿಯನ್ನು ಹಸ್ತಾಂತರಿಸಿ ಎಂದಿತು. ಬ್ಯಾಂಕುಗಳು ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು.

ಇಷ್ಟು ಗೊತ್ತಾದ ಮೇಲೆ, 2021ರಲ್ಲಿ ಒಂದು ಬ್ಯಾಂಕಿನ ಮೇಜಿನ ಮೇಲೆ ಇರಬೇಕಿದ್ದ ಟಿಪ್ಪಣಿ ಹೀಗಿರಬಹುದಿತ್ತು: ‘ನಮ್ಮ ವರ್ಗದ ಒಪ್ಪಿತ ಬಾಕಿ 7,800 ಕೋಟಿ, 2019ರ ಜೂನ್ 20ರಂದು ಇದ್ದಂತೆ. ನಗದು 385 ಕೋಟಿ, ಕಂತುಗಳಲ್ಲಿ. ಹೇರ್‌ಕಟ್ ಶೇ 95, ಸಮಯದ ಬೆಲೆ ಹಿಡಿದರೆ ಇನ್ನೂ ಹೆಚ್ಚು. ಷೇರಿನ ಮೌಲ್ಯ ಸೊನ್ನೆ ಎಂದು ಹಿಡಿದಿದೆ. ಮೊದಲ ಕಂತು ತೀರಾ ತಡವೆಂದರೆ 2022ರ ಸೆಪ್ಟೆಂಬರ್. ಅದು ಐದು ಷರತ್ತಿಗೆ ಒಳಪಟ್ಟಿದೆ, ಮೂರು ಸರ್ಕಾರದ ಕೈಯಲ್ಲಿವೆ, ಪೂರೈಕೆಯಾಯಿತೆಂದು ತೀರ್ಮಾನಿಸುವವರು ಯಾರೆಂದು ಸ್ಪಷ್ಟವಿಲ್ಲ. ಭದ್ರತೆ 150 ಕೋಟಿಯ ಗ್ಯಾರಂಟಿ. ಕೊನೆಯ ಕಂತಿನವರೆಗೆ ಅದನ್ನು ಬಿಡುವಂತಿಲ್ಲ. ನೌಕರರ ಬಾಕಿ ಹೆಚ್ಚುವ ಸಂಭವವಿದೆ. ಹಸ್ತಾಂತರದವರೆಗಿನ ಖರ್ಚು ನಮ್ಮದು.’ ಹೇರ್‌ಕಟ್ ಇದರಲ್ಲಿ ಒಂದು ವಾಕ್ಯ. ಉಳಿದದ್ದೆಲ್ಲ ಆ ವಾಕ್ಯ ನಿಜವಾಗುತ್ತದೆಯೇ ಎಂಬುದರ ಬಗ್ಗೆ.

ಇದಕ್ಕೆ ಇನ್ನೊಂದು ಸಾಲು ಸೇರಿಸುವುದು ಜಾಣತನ. ಎನ್‌ಸಿಎಲ್‌ಟಿ ಒಪ್ಪಿದ ಯೋಜನೆ ಎಲ್ಲರನ್ನೂ ಕಟ್ಟುತ್ತದೆ. ಅದರಲ್ಲಿ ಸೇರದ ಬಾಕಿ ಅಳಿದುಹೋದಂತೆ ಎಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ಹೇಳಿದೆ. ಆದರೆ ಕಂಪನಿಯ ಸಾಲಕ್ಕೆ ಪ್ರವರ್ತಕರು ವೈಯಕ್ತಿಕ ಜಾಮೀನು ಹಾಕಿದ್ದರೆ ಯೋಜನೆ ಒಪ್ಪಿದ ಮಾತ್ರಕ್ಕೆ ಆ ಜಾಮೀನು ಬಿಟ್ಟುಹೋಗುವುದಿಲ್ಲ ಎಂದು ಮರುತಿಂಗಳು ಅದೇ ಕೋರ್ಟು ಹೇಳಿತು. ಹಾಗಾಗಿ ಜಾಮೀನಿನ ಹಕ್ಕು ಉಳಿಯುತ್ತದೆಯೇ, ಯೋಜನೆಯಲ್ಲೇ ಅದನ್ನು ಬಿಟ್ಟುಕೊಟ್ಟಿದೆಯೇ ಎಂದು ಹುಡುಕಿ ನೋಡಬೇಕು. ಸಾಮಾನ್ಯವಾಗಿ ಅದು ದಸ್ತಾವೇಜಿನ ಕೊನೆಯ ಭಾಗದಲ್ಲಿ, ‘ಪರಿಹಾರಗಳು ಮತ್ತು ವಿನಾಯಿತಿಗಳು’ ಎಂಬಂಥ ತಲೆಬರಹದಡಿ ಅಡಗಿರುತ್ತದೆ.

2024ರ ನವೆಂಬರ್ 7ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಜೆ.ಬಿ. ಪರ್ದಿವಾಲಾ ಮತ್ತು ಮನೋಜ್ ಮಿಶ್ರಾ ಅವರ ಪೀಠ ತೀರ್ಪು ಕೊಟ್ಟಿತು. ಯೋಜನೆ ಪೂರ್ತಿ ಜಾರಿಯಾಗುವವರೆಗೆ ಗ್ಯಾರಂಟಿ ಜೀವಂತವಾಗಿರಬೇಕು, ಅದನ್ನು ಕಂತಿಗೆ ವಜಾ ಹಾಕುವಂತಿರಲಿಲ್ಲ. ಐದು ವರ್ಷ ಕಳೆದರೂ ಯೋಜನೆ ಜಾರಿಯಾಗಿಲ್ಲವಾದ್ದರಿಂದ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ ಕಂಪನಿಯನ್ನು ಲಿಕ್ವಿಡೇಷನ್‌ಗೆ ಕಳಿಸಿತು. ಒಕ್ಕೂಟ ಕಟ್ಟಿದ್ದ 200 ಕೋಟಿ ಮುಟ್ಟುಗೋಲು. 150 ಕೋಟಿಯ ಗ್ಯಾರಂಟಿಯನ್ನು ನಗದು ಮಾಡಿಕೊಳ್ಳಲು ಬ್ಯಾಂಕುಗಳಿಗೆ ಅನುಮತಿ.

ಅಲ್ಲಿಗೆ 385 ಕೋಟಿ, ಶೇ 9.5ರ ಷೇರು, ಪೂರೈಕೆದಾರರ 15,000 ರೂಪಾಯಿ ಎಲ್ಲವೂ ಒಟ್ಟಿಗೆ ರದ್ದಾದವು. ಈಗ ಲೆಕ್ಕ ನಡೆಯುವುದು ದಿವಾಳಿ ಸಂಹಿತೆಯ 53ನೇ ಕಲಮಿನ ಸರದಿಯಂತೆ. ಆಸ್ತಿ ಮಾರಿದ ಹಣದಲ್ಲಿ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಹಕ್ಕು ಬಿಟ್ಟುಕೊಟ್ಟ ಬ್ಯಾಂಕುಗಳು ಸಮಾನ ಸಾಲಿನಲ್ಲಿ. ನಂತರ ಇತರ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಅಡಮಾನವಿಲ್ಲದ ಹಣಕಾಸು ಸಾಲ, ಸರ್ಕಾರಿ ತೆರಿಗೆ. ಸರಕು ಪೂರೈಸಿದವರು ನಿಲ್ಲುವುದು ಅವರೆಲ್ಲರ ಹಿಂದೆ.